ಯಾವ ಮಾವ, ಯಾವ ಅತ್ತೆ?

"ನಮ್ಮ ಮಾವನಿಗೆ ಹಲ್ಲು ಕೀಳಿಸಿದಾಗ ಎರಡು ದಿನ ರಕ್ತ ನಿಲ್ಲಲೇ ಇಲ್ಲ. ಚಿಕ್ಕಂದಿನಿಂದಲೂ ಮೊಣಕಾಲು ಊದಿಕೊಳ್ತಾ ಇತ್ತಂತೆ."

ಹತ್ತು ವಾರದ ಗರ್ಭಿಣಿಯೊಬ್ಬಳು ಮೊದಲ ತಪಾಸಣೆಗೆ ಬಂದಾಗ ಹೀಗೆ ಹೇಳಿದಳು ಎಂದಿಟ್ಟುಕೊಳ್ಳೋಣ. ಊರು ಹಾಸನದ ಕಡೆ, ಆಸ್ಪತ್ರೆ ಬೆಂಗಳೂರಿನದು. ಎದುರು ಕೂತ ವೈದ್ಯರಿಗೆ ಕನ್ನಡ ಬಾರದು. ಪಕ್ಕದಲ್ಲಿ ನಿಂತ ನರ್ಸ್ ಕನ್ನಡದವರು, ಮಾತನ್ನು ಇಂಗ್ಲಿಷಿಗೆ ದಾಟಿಸುವ ಹೊಣೆ ಅವರದು. ಕೇಸ್ ಶೀಟಿನಲ್ಲಿ 'ಫ್ಯಾಮಿಲಿ ಹಿಸ್ಟರಿ' ಎಂಬ ಜಾಗ ಖಾಲಿ ಇದೆ. ಈಗ ನರ್ಸ್ 'ಅಂಕಲ್' ಎನ್ನಬೇಕೋ 'ಫಾದರ್ ಇನ್ ಲಾ' ಎನ್ನಬೇಕೋ? ಮದುವೆಯಾದ ಹೆಣ್ಣುಮಗಳು, ಗಂಡನ ಮನೆಯಿಂದ ಬಂದಿದ್ದಾಳೆ, 'ನಮ್ಮ ಮಾವ' ಎನ್ನುತ್ತಿದ್ದಾಳೆ. ಗಂಡನ ತಂದೆಯೇ ಇರಬೇಕು ಅನ್ನಿಸುವುದು ಸಹಜ. ನರ್ಸ್ ಹಾಗೆಯೇ ಹೇಳುತ್ತಾರೆ, ವೈದ್ಯರು ಹಾಗೆಯೇ ಬರೆದುಕೊಳ್ಳುತ್ತಾರೆ. ತಪ್ಪಾಗಿದ್ದರೆ ಆ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ, ಏಕೆಂದರೆ ಇಂಗ್ಲಿಷಿನಲ್ಲಿ ಬರೆದ ಸಾಲು ಎಲ್ಲ ರೀತಿಯಲ್ಲೂ ಸರಿಯಾಗಿಯೇ ಕಾಣುತ್ತದೆ.

ಕನ್ನಡದಲ್ಲಿ ತಾಯಿಯ ಅಣ್ಣನೂ ಮಾವ, ತಮ್ಮನೂ ಮಾವ. ತಂದೆಯ ಅಕ್ಕತಂಗಿಯರ ಗಂಡಂದಿರೂ ಮಾವಂದಿರು. ಗಂಡನ ತಂದೆ, ಹೆಂಡತಿಯ ತಂದೆ ಕೂಡ ಮಾವನೇ. ಇದಕ್ಕೆ ಸರಿಜೋಡಿಯಾಗಿ ತಂದೆಯ ಅಕ್ಕತಂಗಿಯರು ಅತ್ತೆಯರು, ಸೋದರಮಾವನ ಹೆಂಡತಿ ಅತ್ತೆ, ಗಂಡನ ತಾಯಿಯೂ ಹೆಂಡತಿಯ ತಾಯಿಯೂ ಅತ್ತೆ. ಮನೆಯೊಳಗೆ ಇದರಿಂದ ಯಾರಿಗೂ ಗೊಂದಲವಾಗುವುದಿಲ್ಲ. ತುಮಕೂರು ಮಾವ, ಅಂಗಡಿ ಮಾವ, ದೊಡ್ಡ ಮಾವ ಎಂದು ಊರಿನಿಂದಲೋ ಕಸುಬಿನಿಂದಲೋ ಗುರುತಿಟ್ಟುಕೊಂಡು ಬಿಡುತ್ತೇವೆ. ಹೊರಗಿನವರ ಮುಂದೆ, ಅದರಲ್ಲೂ ಬೇರೆ ಭಾಷೆಯ ಕಾಗದದ ಮುಂದೆ ಆ ಗುರುತುಗಳು ಉಳಿಯುವುದಿಲ್ಲ.

ಇದು ಕನ್ನಡದ ಬಡತನವಲ್ಲ. ಅಕ್ಕನನ್ನೂ ತಂಗಿಯನ್ನೂ ಬೇರೆ ಮಾಡುವ, ಹೆಂಡತಿಯ ಸೋದರಿಯ ಗಂಡನಿಗೆ ಷಡ್ಡಕನೆಂದೂ ಗಂಡನ ಅಣ್ಣತಮ್ಮಂದಿರ ಹೆಂಡತಿಯರಿಗೆ ಓರಗಿತ್ತಿಯೆಂದೂ ಹೆಸರಿಟ್ಟ ಭಾಷೆಗೆ ಮಾವಂದಿರನ್ನು ಬೇರೆ ಮಾಡುವುದು ಕಷ್ಟವಿರಲಿಲ್ಲ. ಬೇಕೆಂದೇ ಒಂದುಗೂಡಿಸಿದೆ, ಮತ್ತು ಅದರ ಹಿಂದೆ ಗಟ್ಟಿಯಾದ ಲೆಕ್ಕವಿದೆ. ನಮ್ಮ ಲೆಕ್ಕದಲ್ಲಿ ಅಪ್ಪನ ಅಣ್ಣತಮ್ಮಂದಿರು ಅಪ್ಪಂದಿರೇ, ದೊಡ್ಡಪ್ಪ ಚಿಕ್ಕಪ್ಪ. ಅಮ್ಮನ ಅಕ್ಕತಂಗಿಯರು ಅಮ್ಮಂದಿರೇ, ದೊಡ್ಡಮ್ಮ ಚಿಕ್ಕಮ್ಮ. ಅವರ ಮಕ್ಕಳೆಲ್ಲ ನಮಗೆ ಅಣ್ಣ ತಮ್ಮ ಅಕ್ಕ ತಂಗಿಯರು, ಅಲ್ಲಿ ಮದುವೆಯ ಮಾತೇ ಇಲ್ಲ. ಅಪ್ಪನ ಸೋದರಿ, ಅಮ್ಮನ ಸೋದರ ಇನ್ನೊಂದು ಸಾಲಿಗೆ ಸೇರುತ್ತಾರೆ. ಅವರ ಮಕ್ಕಳು ಮದುವೆಗೆ ಆಗುವ ವರಸೆ. ಅತ್ತೆಯ ಮಗನನ್ನೋ ಮಾವನ ಮಗನನ್ನೋ ಮದುವೆಯಾದ ಹುಡುಗಿಗೆ ಹುಟ್ಟಿನಿಂದ ಮಾವನಾಗಿದ್ದವರು ಮದುವೆಯ ನಂತರವೂ ಮಾವನೇ. ಹೊಸ ಸಂಬಂಧ ಕೂಡಿದರೂ ಹೆಸರು ಬದಲಾಗಬೇಕಿಲ್ಲ. ಹೆಣ್ಣು ಕೊಟ್ಟು ತರುವ ಮನೆ ಯಾವುದು, ಕೂಡದ ಮನೆ ಯಾವುದು ಎಂಬುದನ್ನು ಈ ಪದಗಳು ಹೇಳುತ್ತವೆ. ರಕ್ತಸಂಬಂಧ ಯಾವುದು, ಮದುವೆಯಿಂದ ಬಂದದ್ದು ಯಾವುದು ಎಂಬುದು ಅವಕ್ಕೆ ಮುಖ್ಯವಲ್ಲ. ಇಂಗ್ಲಿಷಿನ 'ಇನ್ ಲಾ' ಹುಟ್ಟಿರುವುದೇ ಈ ಎರಡನೆಯ ಪ್ರಶ್ನೆಗೆ ಉತ್ತರವಾಗಿ. ಎರಡು ಭಾಷೆಗಳು ಬೇರೆ ಬೇರೆ ಪ್ರಶ್ನೆ ಕೇಳಿಕೊಂಡಿವೆ, ಆದ್ದರಿಂದ ಒಂದರ ಉತ್ತರ ಇನ್ನೊಂದರ ಖಾನೆಯಲ್ಲಿ ಕೂರುವುದಿಲ್ಲ.

ಅಮೆರಿಕದ ವಕೀಲ ಲೂಯಿಸ್ ಹೆನ್ರಿ ಮಾರ್ಗನ್ ಈ ತೊಡಕನ್ನು ಹತ್ತೊಂಬತ್ತನೆಯ ಶತಮಾನದಲ್ಲೇ ಎದುರಿಸಿದ್ದ. ಜಗತ್ತಿನ ಹಲವು ಭಾಷೆಗಳ ಬಂಧುವಾಚಕಗಳನ್ನು ಕೂಡಿಹಾಕಲು ಹೊರಟ ಅವನು ಮಿಷನರಿಗಳಿಗೂ ಅಧಿಕಾರಿಗಳಿಗೂ ಪ್ರಶ್ನಾವಳಿ ಕಳಿಸಿದ. 1871ರಲ್ಲಿ ಅಚ್ಚಾದ ಅವನ ದೊಡ್ಡ ಗ್ರಂಥದಲ್ಲಿ ತಮಿಳು, ತೆಲುಗುಗಳ ಜೊತೆ ಕನ್ನಡದ ಪಟ್ಟಿಯೂ ಇದೆ. ಆ ಪ್ರಶ್ನಾವಳಿಯಲ್ಲಿ 'ಅಂಕಲ್‌ಗೆ ನಿಮ್ಮಲ್ಲಿ ಏನಂತಾರೆ' ಎಂಬ ಪ್ರಶ್ನೆ ಇರಲಿಲ್ಲ. 'ನನ್ನ ತಂದೆಯ ಸೋದರಿಯ ಗಂಡ', 'ನನ್ನ ತಾಯಿಯ ಸೋದರನ ಹೆಂಡತಿ' ಎಂದು ಒಂದೊಂದು ಕೊಂಡಿಯನ್ನೂ ಬಿಡಿಸಿ ಬರೆದ ಇನ್ನೂರಕ್ಕೂ ಹೆಚ್ಚು ಸಾಲುಗಳಿದ್ದವು. ಹೆಸರನ್ನು ಬದಿಗಿಟ್ಟು ಕೊಂಡಿಗಳನ್ನು ಹಿಡಿದು ಹೋಗುವ ಆ ವಿಧಾನಕ್ಕಿಂತ ಒಳ್ಳೆಯದು ಇಂದಿಗೂ ಇಲ್ಲ. ಅನುವಂಶೀಯ ಕಾಯಿಲೆಗಳ ಬಗ್ಗೆ ಸಲಹೆ ಕೊಡುವ ತಜ್ಞರು ಮೊದಲ ಭೇಟಿಯಲ್ಲಿ ಕಾಗದದ ಮೇಲೆ ಮಾಡುವುದು ಇದನ್ನೇ. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ, ದಂಪತಿಗೆ ನಡುವೆ ಒಂದು ಗೆರೆ. ಕಾಯಿಲೆ ಇದ್ದವರ ಚೌಕವನ್ನೋ ವೃತ್ತವನ್ನೋ ಕಪ್ಪು ಮಾಡುತ್ತಾರೆ. ರಕ್ತಸಂಬಂಧಿಗಳ ನಡುವಿನ ಮದುವೆಯಾದರೆ ಒಂದು ಗೆರೆಯ ಬದಲು ಎರಡು ಗೆರೆ. ಈ ನಕ್ಷೆಯಲ್ಲಿ 'ಮಾವ' ಎಂದು ಬರೆಯಲು ಜಾಗವೇ ಇಲ್ಲ. ಯಾರ ಹೊಟ್ಟೆಯಲ್ಲಿ ಹುಟ್ಟಿದವನು, ಯಾರನ್ನು ಕಟ್ಟಿಕೊಂಡವನು ಎಂದು ಗೊತ್ತಾಗದೆ ಚೌಕವನ್ನು ಎಲ್ಲಿಯೂ ಇಡಲಾಗದು.

ಆ ಗರ್ಭಿಣಿಯ ಮಾತಿಗೆ ಮರಳೋಣ. ಹಲ್ಲು ಕಿತ್ತಾಗ ನಿಲ್ಲದ ರಕ್ತ, ಹುಡುಗನಾಗಿದ್ದಾಗಿನಿಂದ ಊದಿಕೊಳ್ಳುವ ಮೊಣಕಾಲು ಎಂದರೆ ವೈದ್ಯರಿಗೆ ಮೊದಲು ಬರುವ ಅನುಮಾನ ಹಿಮೋಫಿಲಿಯಾ, ಕನ್ನಡದಲ್ಲಿ ಕುಸುಮ ರೋಗ ಎನ್ನುವ ಕಾಯಿಲೆ. ರಕ್ತ ಹೆಪ್ಪುಗಟ್ಟಲು ಬೇಕಾದ ಒಂದು ಅಂಶದ ಕೊರತೆ ಇದು. ಇದರ ಜೀನ್ ಇರುವುದು ಎಕ್ಸ್ ವರ್ಣತಂತುವಿನಲ್ಲಿ. ಹೆಣ್ಣಿಗೆ ಎರಡು ಎಕ್ಸ್, ಆದ್ದರಿಂದ ಒಂದು ಕೆಟ್ಟರೂ ಇನ್ನೊಂದು ಸಾಮಾನ್ಯವಾಗಿ ಕಾಪಾಡುತ್ತದೆ. ಅವಳು ಕಾಯಿಲೆಯನ್ನು ಹೊತ್ತ ವಾಹಕಿಯಷ್ಟೇ ಆಗಿರುತ್ತಾಳೆ. ಗಂಡಿಗಿರುವುದು ತಾಯಿಯಿಂದ ಬಂದ ಒಂದೇ ಎಕ್ಸ್, ತಂದೆಯಿಂದ ಬರುವುದು ವೈ. ಹಾಗಾಗಿ ವಾಹಕಿ ತಾಯಿಗೆ ಹುಟ್ಟುವ ಪ್ರತಿ ಗಂಡುಮಗುವಿಗೂ ಕಾಯಿಲೆ ಬರುವ ಸಾಧ್ಯತೆ ಅರ್ಧಕ್ಕರ್ಧ. ಕಾಯಿಲೆ ಇರುವ ತಂದೆಯಿಂದ ಗಂಡುಮಕ್ಕಳಿಗೆ ಅದು ಹೋಗುವುದಿಲ್ಲ, ಹೆಣ್ಣುಮಕ್ಕಳು ಮಾತ್ರ ಎಲ್ಲರೂ ವಾಹಕಿಯರಾಗುತ್ತಾರೆ.

ಇಷ್ಟು ತಿಳಿದ ಮೇಲೆ ಮಾವಂದಿರನ್ನು ಒಬ್ಬೊಬ್ಬರಾಗಿ ನೋಡಬೇಕು. ಮಾವ ಎಂದರೆ ಗಂಡನ ತಂದೆ ಎಂದಾದರೆ, ಅವರು ಮಗನಿಗೆ ಕೊಟ್ಟದ್ದು ವೈ ವರ್ಣತಂತು. ಗಂಡನಿಗೆ ಅವರಿಂದ ಕಾಯಿಲೆ ಬಂದಿಲ್ಲ, ಹುಟ್ಟಲಿರುವ ಮಗುವಿಗೂ ಆ ದಾರಿಯಲ್ಲಿ ಅಪಾಯವಿಲ್ಲ. ಎಚ್ಚರ ಹೇಳಬೇಕಾದ್ದು ಅವಳ ನಾದಿನಿಯರಿಗೆ, ಅಂದರೆ ಗಂಡನ ಅಕ್ಕತಂಗಿಯರಿಗೆ. ಮಾವ ಎಂದರೆ ಅವಳ ಅಪ್ಪನ ತಂಗಿಯ ಗಂಡ ಎಂದಾದರೆ ಅವಳಿಗೂ ಅವರಿಗೂ ರಕ್ತದ ನಂಟೇ ಇಲ್ಲ, ಚಿಂತೆ ಅವರ ಹೆಣ್ಣುಮಕ್ಕಳದು. ಮಾವ ಎಂದರೆ ತಾಯಿಯ ಒಡಹುಟ್ಟಿದವರು ಎಂದಾದರೆ ಮಾತ್ರ ಇಡೀ ಚಿತ್ರ ಬದಲಾಗುತ್ತದೆ. ಆಗ ಅಜ್ಜಿ ವಾಹಕಿಯಾಗಿದ್ದಿರಬಹುದು. ಅಜ್ಜಿ ವಾಹಕಿ ಎಂದು ಖಚಿತವಾದರೆ ತಾಯಿ ವಾಹಕಿಯಾಗಿರುವ ಸಾಧ್ಯತೆ ಎರಡರಲ್ಲೊಂದು, ಈ ಗರ್ಭಿಣಿಯದು ನಾಲ್ಕರಲ್ಲೊಂದು, ಅವಳಿಗೆ ಗಂಡುಮಗುವಾದರೆ ಅದಕ್ಕೆ ಕಾಯಿಲೆ ಇರುವ ಸಾಧ್ಯತೆ ಎಂಟರಲ್ಲೊಂದು. ವಾಹಕಿಯ ರಕ್ತದಲ್ಲಿ ಹೆಪ್ಪುಗಟ್ಟುವ ಅಂಶ ಸರಿಯಾದ ಮಟ್ಟದಲ್ಲೇ ಇರಬಹುದಾದ್ದರಿಂದ ಸಾಮಾನ್ಯ ರಕ್ತಪರೀಕ್ಷೆ ಸಾಲದು, ಜೀನ್ ಪರೀಕ್ಷೆ ಬೇಕು. ಅದನ್ನು ಕಾಯಿಲೆ ಇರುವ ಮಾವನ ರಕ್ತದಿಂದ ಶುರುಮಾಡಿದರೆ ಹುಡುಕಾಟ ಸುಲಭ. ಗರ್ಭಜಲಕ್ಕೂ ಮೊದಲು ಮಾಸುವಿನ ಚೂರು ತೆಗೆದು ಮಾಡುವ ಪರೀಕ್ಷೆಯ ಕಾಲ ಸಾಮಾನ್ಯವಾಗಿ ಹನ್ನೊಂದನೆಯ ವಾರದಿಂದ ಹದಿಮೂರನೆಯ ವಾರದ ಆಸುಪಾಸು. ಹತ್ತನೆಯ ವಾರದಲ್ಲಿ ಬಂದವಳ 'ಮಾವ' ಯಾರೆಂದು ಅಂದೇ ಗೊತ್ತಾದರೆ ಎಲ್ಲಕ್ಕೂ ಸಮಯವಿದೆ. ಆ ಪರೀಕ್ಷೆ ಬೇಡವೆಂದರೂ ಹೆರಿಗೆಯ ಹೊತ್ತಿಗೆ ಈ ವಿಷಯ ಗೊತ್ತಿರಲೇಬೇಕು. ಮಗುವಿನ ತಲೆಗೆ ಇಕ್ಕಳ ಹಾಕಿಯೋ ಹೀರುಬಟ್ಟಲು ಹಾಕಿಯೋ ಎಳೆಯುವುದನ್ನು ತಪ್ಪಿಸಬೇಕು, ಹುಟ್ಟಿದ ಕೂಡಲೇ ತೊಡೆಯ ಸ್ನಾಯುವಿಗೆ ಚುಚ್ಚುವ ಮೊದಲು ಹೊಕ್ಕುಳಬಳ್ಳಿಯ ರಕ್ತವನ್ನು ಪರೀಕ್ಷೆಗೆ ಕಳಿಸಬೇಕು.

ಕೇಸ್ ಶೀಟಿನಲ್ಲಿ 'ಫಾದರ್ ಇನ್ ಲಾ' ಎಂದು ಬಿದ್ದಿದ್ದರೆ ಇದಾವುದೂ ಆಗುವುದಿಲ್ಲ. ಓದಿದ ವೈದ್ಯರು ಲೆಕ್ಕ ಹಾಕಿ, ಸರಿಯಾದ ತರ್ಕದಿಂದಲೇ, ಅಪಾಯವಿಲ್ಲ ಎಂದು ಪುಟ ಮಗುಚುತ್ತಾರೆ.

ಇಲ್ಲಿಗೇ ಮುಗಿದಿದ್ದರೆ 'ಯಾವ ಕಡೆಯ ಮಾವ' ಎಂಬ ಒಂದು ಪ್ರಶ್ನೆ ಸಾಕಾಗುತ್ತಿತ್ತು. ನಮ್ಮಲ್ಲಿ ಮಾವನ ಮಗನನ್ನು ಮದುವೆಯಾಗುವ ರೂಢಿಯೂ ಇದೆಯಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019–21ರ ಸುತ್ತಿನ ಪ್ರಕಾರ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ನಾಲ್ಕನೇ ಒಂದು ಭಾಗದ ಆಸುಪಾಸು ಮಂದಿ ರಕ್ತಸಂಬಂಧದಲ್ಲೇ ಮದುವೆಯಾದವರು. ಆ ಗರ್ಭಿಣಿ ಸೋದರಮಾವನ ಮಗನನ್ನೇ ಕೈಹಿಡಿದಿದ್ದರೆ 'ಮಾವ ಅಂದ್ರೆ ನಿಮ್ಮ ಯಜಮಾನರ ತಂದೆನಾ?' ಎಂದು ನರ್ಸ್ ಎಷ್ಟು ಎಚ್ಚರದಿಂದ ಕೇಳಿದರೂ ಉತ್ತರ 'ಹೌದು' ಎಂದೇ ಬರುತ್ತದೆ. ಸುಳ್ಳಲ್ಲ, ಆದರೆ ಅರ್ಧ ಮಾತ್ರ. ಆ ಮಾವ ಅವಳ ತಾಯಿಯ ಒಡಹುಟ್ಟಿದವರೂ ಹೌದು. ಗಂಡನ ದಾರಿಯಲ್ಲಿ ಅಪಾಯವಿಲ್ಲ, ತಾಯಿಯ ದಾರಿಯಲ್ಲಿ ಅದೇ ನಾಲ್ಕರಲ್ಲೊಂದು ಸಾಧ್ಯತೆ ಹಾಗೆಯೇ ನಿಂತಿದೆ. ಒಬ್ಬ ಮನುಷ್ಯ, ಎರಡು ನಂಟು, ಒಂದೇ ಹೆಸರು. 'ಯಾರು' ಎಂದು ಖಚಿತಪಡಿಸಿಕೊಂಡೂ ತಪ್ಪುವುದು ಇಂಥ ಕಡೆ. ಆದ್ದರಿಂದ ಗಂಡನ ತಂದೆ ಎಂದು ತಿಳಿದ ಮೇಲೂ ಕೇಳಲೇಬೇಕಾದ ಪ್ರಶ್ನೆ ಇನ್ನೊಂದಿದೆ: "ಮದುವೆಗೆ ಮುಂಚೆಯೂ ಅವರು ನಿಮಗೆ ಸಂಬಂಧದವರಾ? ಆಗ ಏನಾಗಬೇಕಿತ್ತು?"

ಅಕ್ಕನ ಮಗಳನ್ನು ಮದುವೆಯಾಗುವ ಪದ್ಧತಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಅಲ್ಲಿ ಸೋದರಮಾವನೇ ಗಂಡ. ಚಿಕ್ಕಂದಿನಿಂದ ಮಾವ ಎಂದೇ ಕರೆದು ರೂಢಿಯಾದ ಕೆಲವರು ಮದುವೆಯ ನಂತರವೂ ಹಾಗೆಯೇ ಅನ್ನುವುದುಂಟು. ಅವಳು ಹೇಳಿದ ರಕ್ತ ನಿಲ್ಲದ ಮಾವ ಅವಳ ಗಂಡನೇ ಆಗಿದ್ದರೆ ಲೆಕ್ಕ ಪೂರ್ತಿ ಬೇರೆ. ಅವರ ಹೆಣ್ಣುಮಕ್ಕಳೆಲ್ಲ ತಂದೆಯ ಕಡೆಯಿಂದ ಒಂದು ಕೆಟ್ಟ ಎಕ್ಸ್ ಪಡೆದೇ ಹುಟ್ಟುತ್ತಾರೆ. ತಾಯಿಯೂ ವಾಹಕಿಯಾಗಿದ್ದರೆ ಅವರಲ್ಲಿ ಅರ್ಧದಷ್ಟು ಮಂದಿಗೆ ಕಾಯಿಲೆಯೇ ಬರಬಹುದು. ಸಾಮಾನ್ಯವಾಗಿ ಗಂಡಸರ ಕಾಯಿಲೆ ಎಂದು ತಿಳಿದ ಇದು ಹೆಣ್ಣುಮಗುವಿನಲ್ಲಿ ಕಾಣಿಸಿಕೊಳ್ಳುವ ದಾರಿಗಳಲ್ಲಿ ಇದೂ ಒಂದು.

ಅತ್ತೆಯ ವಿಚಾರದಲ್ಲಿ ತಪ್ಪು ಬೇರೆ ರೀತಿಯಲ್ಲಿ ಆಗುತ್ತದೆ. "ನಮ್ಮ ಅತ್ತೆಗೆ ನಲವತ್ತು ವರ್ಷಕ್ಕೇ ಎದೆಯ ಕ್ಯಾನ್ಸರ್ ಆಗಿತ್ತು" ಎಂದು ಒಬ್ಬರು ಹೇಳುತ್ತಾರೆ. ಗೊಂದಲವಿದೆ ಎಂದು ಅರಿತ ನರ್ಸ್ "ತಂದೆ ಕಡೆಯೋ, ತಾಯಿ ಕಡೆಯೋ?" ಎಂದು ಕೇಳುತ್ತಾರೆ. "ತಾಯಿ ಕಡೆ." ಕೇಸ್ ಶೀಟಿನಲ್ಲಿ 'ಮೆಟರ್ನಲ್ ಆಂಟ್' ಎಂದಾಗುತ್ತದೆ. ಅದನ್ನು ಓದಿದ ಯಾವ ವೈದ್ಯರಿಗೂ ತಾಯಿಯ ಸೋದರಿ ಎಂದೇ ಅರ್ಥ, ಅಂದರೆ ರಕ್ತಸಂಬಂಧಿ. ಆದರೆ ಕನ್ನಡದಲ್ಲಿ ತಾಯಿಯ ಸೋದರಿ ಅತ್ತೆಯಾಗುವುದೇ ಇಲ್ಲ, ಅವಳು ದೊಡ್ಡಮ್ಮ ಅಥವಾ ಚಿಕ್ಕಮ್ಮ. ತಾಯಿ ಕಡೆಯ ಅತ್ತೆ ಎಂದರೆ ಸೋದರಮಾವನ ಹೆಂಡತಿ. ಅವಳ ಕಾಯಿಲೆಗೂ ಈ ರೋಗಿಗೂ ಸಂಬಂಧವಿಲ್ಲ. ಇಲ್ಲದ ಭಯ ಹುಟ್ಟಿ, ಬೇಡದ ಪರೀಕ್ಷೆಗೆ ದುಡ್ಡು ಖರ್ಚಾಗುತ್ತದೆ. ತಿರುಗಿಸಿ ನೋಡಿದರೆ ಹಾನಿ ಇನ್ನೂ ದೊಡ್ಡದು. ಮದುವೆಯಾದ ಹೆಂಗಸಿನ ಬಾಯಲ್ಲಿ 'ಅತ್ತೆ' ಕೇಳಿ 'ಮದರ್ ಇನ್ ಲಾ' ಎಂದು ಬರೆದರೆ, ಮತ್ತು ಆ ಅತ್ತೆ ನಿಜವಾಗಿ ಅಪ್ಪನ ತಂಗಿಯಾಗಿದ್ದರೆ, ಮುಖ್ಯವಾದ ಸುಳಿವೇ ಕಳೆದುಹೋಗುತ್ತದೆ. ಎದೆ ಮತ್ತು ಅಂಡಾಶಯದ ಕ್ಯಾನ್ಸರಿಗೆ ಕಾರಣವಾಗುವ ಬಿಆರ್‌ಸಿಎ ಜೀನ್‌ಗಳ ದೋಷ ಗಂಡಸರ ಮೂಲಕವೂ ಇಳಿದು ಬರುತ್ತದೆ. ಅಪ್ಪನ ತಂಗಿಗೆ ಅದು ಅವಳ ತಂದೆತಾಯಿಯಿಂದ ಬಂದಿದ್ದರೆ ಅಪ್ಪನಲ್ಲಿಯೂ ಇರುವ ಸಾಧ್ಯತೆ ಎರಡರಲ್ಲೊಂದು, ಮಗಳಲ್ಲಿ ನಾಲ್ಕರಲ್ಲೊಂದು. ಎದೆಯ ಕ್ಯಾನ್ಸರ್ ಹೆಂಗಸರಿಗೆ ಬರುವಂಥದ್ದು, ಆದ್ದರಿಂದ ತಾಯಿಯ ಕಡೆ ಮಾತ್ರ ವಿಚಾರಿಸಿದರೆ ಸಾಕು ಎಂಬ ನಂಬಿಕೆ ಜನರಲ್ಲಿ ಹೇಗೂ ಗಟ್ಟಿಯಾಗಿದೆ. ತಂದೆಯ ಕಡೆಯಿಂದ ಬಂದ ಒಂದೇ ಒಂದು ಸುಳಿವನ್ನೂ ಅನುವಾದ ಅಳಿಸಿಹಾಕಬಾರದು.

ಹಾಗಾದರೆ ಹೇಗೆ ಕೇಳಬೇಕು? 'ಯಾವ ಕಡೆ' ಎಂಬುದು ಸಾಲದೆಂದು ನೋಡಿದೆವು. ಅದು ಮನೆಯನ್ನು ತೋರಿಸುತ್ತದೆ, ಹುಟ್ಟನ್ನು ತೋರಿಸುವುದಿಲ್ಲ. 'ನಿಮ್ಮ ಅಮ್ಮ ಅವರನ್ನು ಏನಂತ ಕರೀತಾರೆ?' ಎಂಬುದು ಜಾಣ ಪ್ರಶ್ನೆಯಂತೆ ಕಾಣುತ್ತದೆ. ಅಮ್ಮ 'ಅಣ್ಣ' ಎಂದರೆ ಸೋದರಮಾವ ಎಂದು ತೀರ್ಮಾನಿಸಬಹುದಲ್ಲ? ಆಗದು. ಎಷ್ಟೋ ಮನೆಗಳಲ್ಲಿ ಹೆಂಗಸರು ನಾದಿನಿಯ ಗಂಡನನ್ನೂ ಅಣ್ಣ ಎಂದೇ ಕರೆಯುತ್ತಾರೆ, ವರಸೆಯ ಲೆಕ್ಕದಲ್ಲಿ ಅದೇ ಸರಿ. ಹಾಗಾಗಿ ಎರಡೂ ಬಗೆಯ ಮಾವಂದಿರು ಅಮ್ಮನಿಗೆ ಅಣ್ಣಂದಿರಾಗಿಬಿಡುತ್ತಾರೆ. ಸಾಲದ್ದಕ್ಕೆ ಅಮ್ಮನ ದೊಡ್ಡಪ್ಪನ ಮಗನೂ ಅವಳಿಗೆ ಅಣ್ಣ, ಮಕ್ಕಳಿಗೆ ಸೋದರಮಾವ. 'ಸೋದರ' ಸೇರಿಸಿ ಹೇಳಿದರೂ ಪೂರ್ತಿ ನೆಮ್ಮದಿಯಿಲ್ಲ. ಸೋದರತ್ತೆ ಎಂದರೆ ಅಪ್ಪನ ಸೋದರಿ ಎಂಬುದೇ ಹೆಚ್ಚಿನ ಬಳಕೆ, ಆದರೆ ಸೋದರಮಾವನ ಹೆಂಡತಿಯನ್ನೂ ಸೋದರತ್ತೆ ಎನ್ನುವವರಿದ್ದಾರೆ. ಕರೆಯುವ ಹೆಸರನ್ನು ಇನ್ನೊಂದು ಕರೆಯುವ ಹೆಸರಿನಿಂದ ಬಿಡಿಸಲು ಹೋದರೆ ಅದೇ ಬಲೆಯೊಳಗೆ ಸುತ್ತುತ್ತೇವೆ.

ಕೆಲಸ ಮಾಡುವ ಪ್ರಶ್ನೆಗಳು ಹುಟ್ಟಿನ ಕಡೆ ಹೋಗುವಂಥವು, ಮತ್ತು ಅವಕ್ಕೆ ಬೇಕಾದ ಮಾತುಗಳು ಕನ್ನಡದಲ್ಲೇ ಇವೆ. 'ಒಡಹುಟ್ಟಿದವರು' ಎಂಬುದು ಅಂಥ ಮಾತು. "ಅವರು ನಿಮ್ಮ ಅಮ್ಮನ ಒಡಹುಟ್ಟಿದವರಾ? ಇಬ್ಬರಿಗೂ ಅಪ್ಪ ಅಮ್ಮ ಒಬ್ಬರೇನಾ?" ಎಂದರೆ ಹಳ್ಳಿಯ ಅಜ್ಜಿಗೂ ತಟ್ಟನೆ ಅರ್ಥವಾಗುತ್ತದೆ. ಅತ್ತೆಯ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಒಳ್ಳೆಯದೆನಿಸುವುದು ತವರಿನ ಪ್ರಶ್ನೆ. "ಆ ಅತ್ತೆಯ ತವರು ಯಾವುದು?" ಎಂದು ಕೇಳಿ. "ನಮ್ಮ ಅಪ್ಪನ ಮನೆಯೇ" ಎಂದರೆ ಅವಳು ಅಪ್ಪನ ಸೋದರಿ. "ಅವರು ಇರೋದು ನಮ್ಮ ಅಮ್ಮನ ತವರಲ್ಲಿ, ಅವರ ತವರು ಬೇರೆ" ಎಂದರೆ ಸೋದರಮಾವನ ಹೆಂಡತಿ. "ನಾನೀಗ ಇರೋ ಮನೆಯಲ್ಲೇ ಇದ್ದಾರೆ" ಎಂದರೆ ಗಂಡನ ತಾಯಿ. ಗಂಡನ ತಾಯಿಯೇ ಆಗಿದ್ದು ಅವಳ ತವರೂ "ನಮ್ಮ ಅಪ್ಪನ ಮನೆಯೇ" ಎಂದು ಬಂದರೆ, ಅತ್ತೆಯ ಮಗನನ್ನು ಮದುವೆಯಾದ ವಿಷಯ ಬೇರೆ ಯಾರೂ ಕೇಳದೆಯೇ ಹೊರಬೀಳುತ್ತದೆ. ತವರು ಎಲ್ಲಿ ಎಂದು ಕೇಳಿದರೆ ನಮ್ಮ ಹೆಣ್ಣುಮಕ್ಕಳಿಗೆ ತನಿಖೆಯಂತೆ ಅನ್ನಿಸುವುದಿಲ್ಲ, ಊರು, ಮನೆ, ಮನೆಯವರೆಲ್ಲ ತಾವಾಗಿಯೇ ಬರುತ್ತಾರೆ.

ಹೇಳಿಕೊಂಡದ್ದನ್ನು ಒಮ್ಮೆ ತಿರುಗಿಸಿ ಓದಿ ಹೇಳುವುದೂ ಅಷ್ಟೇ ಅಗತ್ಯ. "ಅಂದರೆ, ನಿಮ್ಮ ಅಮ್ಮನ ತಮ್ಮ, ಅವರ ಮಗನೇ ನಿಮ್ಮ ಯಜಮಾನರು, ಸರಿನಾ?" ಈ ಒಂದು ವಾಕ್ಯಕ್ಕೆ ಅರ್ಧ ನಿಮಿಷ ಸಾಕು. ಬರೆಯುವಾಗ ಇಂಗ್ಲಿಷಿನ ಅಂಕಲ್ ಆಂಟಿಗಳನ್ನು ಪೂರ್ತಿ ಬಿಟ್ಟು 'ತಾಯಿಯ ತಮ್ಮ' ಎಂಬ ಕೊಂಡಿಯನ್ನೇ ಇಂಗ್ಲಿಷಿನಲ್ಲಿ ಬರೆಯಬೇಕು. ಜೊತೆಗೆ ರೋಗಿ ಬಳಸಿದ ಕನ್ನಡ ಪದವನ್ನೂ ಬರೆದಿಟ್ಟರೆ ಮುಂದೆ ಕಡತ ತೆರೆಯುವ ಇನ್ನೊಬ್ಬ ಕನ್ನಡಿಗರು ಅನುಮಾನ ಬಂದಾಗ ಮತ್ತೆ ಕೇಳಬಹುದು. ರೋಗಿಗೇ ಗೊತ್ತಿಲ್ಲದಿರುವುದೂ ಉಂಟು. ಚಿಕ್ಕಂದಿನಲ್ಲಿ ತೀರಿಕೊಂಡ, ಮುಖ ನೋಡದ ಮಾವ ಅವರು. ಆಗ ಊಹಿಸಿ ತುಂಬುವುದಕ್ಕಿಂತ 'ಖಚಿತವಾಗಿಲ್ಲ' ಎಂದು ಬರೆದು, ತಾಯಿಗೋ ಅಜ್ಜಿಗೋ ಅಲ್ಲಿಂದಲೇ ಒಂದು ಫೋನ್ ಮಾಡಿಸುವುದು ಮೇಲು. ನೆಂಟರಿಷ್ಟರ ಹುಟ್ಟು, ಸಾವು, ಬಾಣಂತನಗಳ ವಿವರವನ್ನು ನೆನಪಿಟ್ಟುಕೊಂಡವರು ಮನೆಯ ಹಿರಿಯ ಹೆಂಗಸರೇ.

ಹೀಗೆ ಕೇಳಿ ತಿಳಿಯುವ ಅನುಕೂಲ ಆಸ್ಪತ್ರೆಯಲ್ಲಿದೆ. ಕೋರ್ಟಿನ ಕಾಗದಗಳನ್ನು ಅನುವಾದಿಸುವವರಿಗೆ ಅದಿಲ್ಲ, ಆದ್ದರಿಂದ ಅಲ್ಲಿನ ನಡೆ ಬೇರೆಯೇ ಇರಬೇಕು. ಮಕ್ಕಳಿಲ್ಲದೆ, ಮದುವೆಯಾಗದೆ, ಉಯಿಲು ಬರೆಯದೆ ಒಬ್ಬ ತೀರಿಕೊಂಡ, ಅಪ್ಪ ಅಮ್ಮ ಅಣ್ಣತಮ್ಮಂದಿರು ಯಾರೂ ಉಳಿದಿಲ್ಲ ಎನ್ನಿ. ಹಳೆಯ ಪತ್ರಗಳಲ್ಲಿ 'ಅತ್ತೆ' ಎಂದು ಕಾಣಿಸುವ ಒಬ್ಬ ಮುದುಕಿ ಹಕ್ಕು ಕೇಳುತ್ತಾಳೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಅನುಸೂಚಿಯಲ್ಲಿ ತಂದೆಯ ಸೋದರಿ ಎರಡನೆಯ ವರ್ಗದ ವಾರಸುದಾರಳು, ಏಳನೆಯ ನಮೂದಿನಲ್ಲಿ ತಂದೆಯ ಸೋದರನ ಜೊತೆಗೆ ಅವಳ ಹೆಸರಿದೆ. ತಾಯಿಯ ಸೋದರ ಒಂಬತ್ತನೆಯ ನಮೂದಿನಲ್ಲಿ ಬರುತ್ತಾನೆ, ಆದರೆ ಅವನ ಹೆಂಡತಿಗೆ ಆ ಪಟ್ಟಿಯಲ್ಲಿ ಜಾಗವಿಲ್ಲ. ಇಬ್ಬರೂ ಅತ್ತೆಯರೇ. ಹೈಕೋರ್ಟಿಗೆ ಹೋಗುವ ಕನ್ನಡ ದಾಖಲೆಯ ಇಂಗ್ಲಿಷ್ ಪ್ರತಿಯಲ್ಲಿ ಅನುವಾದಕರು 'ಪೆಟರ್ನಲ್ ಆಂಟ್' ಎಂದು ಬರೆದರೆ ಆಸ್ತಿಯ ತೀರ್ಪನ್ನು ತಾವೇ ಕೊಟ್ಟಂತೆ. ಕಕ್ಷಿದಾರರನ್ನು ಕೇಳಿ ಬರೆಯೋಣವೆಂದರೆ ಅವರಿಗೆ ಉತ್ತರದಲ್ಲಿ ಲಾಭವಿದೆ.

ಇದೇ ಬಗೆಯ ಎಚ್ಚರ ಅಳಿಯ ಎಂಬ ಪದಕ್ಕೂ ಬೇಕು. ಮಗಳ ಗಂಡನೂ ಅಳಿಯ, ಗಂಡಸಿಗೆ ಸೋದರಿಯ ಮಗನೂ ಅಳಿಯ. ಕರಾವಳಿಯ ಅಳಿಯಸಂತಾನ ಪದ್ಧತಿಯಲ್ಲಿ ಆಸ್ತಿ ನಡೆಯುತ್ತಿದ್ದುದು ಹೆಣ್ಣಿನ ಸಂತತಿಯಲ್ಲಿ, ಮಾವನ ನಂತರ ಸೋದರಿಯ ಮಕ್ಕಳ ಕಡೆಗೆ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಬಂದದ್ದು ಆ ಕುಟುಂಬಗಳಿಗಾಗಿಯೇ. ಆ ಕಾಲದ ಒಂದು ಪಾಲುಪಟ್ಟಿಯಲ್ಲಿರುವ ಅಳಿಯನನ್ನು 'ಸನ್ ಇನ್ ಲಾ' ಎಂದು ದಾಟಿಸಿದರೆ ಆ ಕುಟುಂಬಕ್ಕೆ ಸೇರದವನನ್ನು ತಂದು ಯಜಮಾನನ ಜಾಗದಲ್ಲಿ ಕೂರಿಸಿದಂತಾಗುತ್ತದೆ.

ಇಂಥ ದಾಖಲೆಗಳಲ್ಲಿ ಅನುವಾದಕರು ಮಾಡಬೇಕಾದ್ದು ಪದವನ್ನು ಹಾಗೆಯೇ ಉಳಿಸುವುದು. ಇಂಗ್ಲಿಷ್ ಪಠ್ಯದಲ್ಲೂ ಅದು 'ಅತ್ತೆ' ಎಂದೇ ಇರಲಿ. ಅಡಿಟಿಪ್ಪಣಿಯಲ್ಲಿ, ಈ ಪದ ತಂದೆಯ ಸೋದರಿ, ತಾಯಿಯ ಸೋದರನ ಹೆಂಡತಿ, ಗಂಡನ ಅಥವಾ ಹೆಂಡತಿಯ ತಾಯಿ ಇವರಲ್ಲಿ ಯಾರಿಗಾದರೂ ಸಲ್ಲಬಹುದು, ಯಾರೆಂದು ಈ ಪತ್ರದಿಂದ ತಿಳಿಯುವುದಿಲ್ಲ ಎಂದು ಬರೆಯಬೇಕು. ಪತ್ರದೊಳಗೇ ಸುಳಿವಿದ್ದರೆ, ಉದಾಹರಣೆಗೆ ಅವಳ ತಂದೆಯ ಹೆಸರೂ ಬರೆದವನ ಅಜ್ಜನ ಹೆಸರೂ ಒಂದೇ ಆಗಿದ್ದರೆ, ಯಾವ ಸಾಲಿನಲ್ಲಿ ಎಂದು ತೋರಿಸಬೇಕು. ಆಮೇಲೆ ನಾಡಕಚೇರಿಯ ವಂಶವೃಕ್ಷ, ಶಾಲೆಯ ದಾಖಲೆ, ಊರಿನ ಹಿರಿಯರ ಸಾಕ್ಷ್ಯಗಳನ್ನು ಮುಂದಿಟ್ಟುಕೊಂಡು ಯಾವ ಅತ್ತೆ ಎಂದು ತೀರ್ಮಾನಿಸುವವರು ನ್ಯಾಯಾಧೀಶರು.